ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಎಂದರೆ ವೈರಲ್ ಎಂದಲ್ಲ

ಪ್ರಶ್ನೆ: ತಮ್ಮನಿಗೆ 34 ವರ್ಷ. ಜ್ವರ, ತಡೆಯಲಾಗದ ತಲೆನೋವು, ಮಂಪರು. ಆಸ್ಪತ್ರೆಗೆ ಹೋದ ಕೂಡಲೇ ರಕ್ತ ತೆಗೆದುಕೊಂಡು ಆಂಟಿಬಯೋಟಿಕ್ ಹಾಕಿಬಿಟ್ಟರು. ಸಿಟಿ ಸ್ಕ್ಯಾನ್ ಮುಗಿಸಿ ಬೆನ್ನಿನ ನೀರು ತೆಗೆದದ್ದು ಐದು ಗಂಟೆ ಬಿಟ್ಟು. ಮೂರನೇ ದಿನ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಎಂದು ಬಂತು. ಆದರೂ ಇಂಜೆಕ್ಷನ್ ನಿಲ್ಲಿಸುತ್ತಿಲ್ಲ. ವೈರಲ್ ಅಲ್ಲವೇ ಇದು? ರಿಪೋರ್ಟ್ ಕಳಿಸಿದ್ದೇನೆ.

ಉತ್ತರ: ಅಲ್ಲ. ರಿಪೋರ್ಟ್ ಹೇಳುವುದು ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಎಂದು, ಅಂದರೆ ಮೆದುಳಿನ ಹೊದಿಕೆಯ ಸೋಂಕು. ಇಂಜೆಕ್ಷನ್ ನಿಲ್ಲಿಸಿ ಎಂದು ದಯವಿಟ್ಟು ವೈದ್ಯರನ್ನು ಒತ್ತಾಯಿಸಬೇಡಿ. ಕಲ್ಚರ್‌ನ ಒಂದು ಸಾಲು ನೋಡಿ ಉಳಿದ ರಿಪೋರ್ಟನ್ನು ಮಡಚಿಡುವವರ ಪತ್ರ ಪ್ರತಿ ತಿಂಗಳೂ ಬರುತ್ತದೆ.

ಕಲ್ಚರ್‌ನಲ್ಲಿ ಬೆಳೆಯಲು ಬ್ಯಾಕ್ಟೀರಿಯಾ ಜೀವಂತವಾಗಿರಬೇಕು. ಈ ಕಾಯಿಲೆ ತರುವ ಮುಖ್ಯ ಬ್ಯಾಕ್ಟೀರಿಯಾ ಎರಡು. ಆಂಟಿಬಯೋಟಿಕ್ ರಕ್ತಕ್ಕೆ ಸೇರಿದ ಎರಡು ಗಂಟೆಯೊಳಗೇ ಮೆನಿಂಗೋಕಾಕಸ್ ಬೆನ್ನಿನ ನೀರಿನಿಂದ ಮಾಯವಾಗಬಹುದು. ನ್ಯೂಮೋಕಾಕಸ್ ನಾಲ್ಕು ಗಂಟೆಯ ಹೊತ್ತಿಗೆ ಸಾಯತೊಡಗುತ್ತದೆ. ನಿಮ್ಮ ತಮ್ಮನ ನೀರು ತೆಗೆದದ್ದು ಐದು ಗಂಟೆಯ ಬಳಿಕ. ಆದರೆ ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ. ಜೀವಕೋಶ, ಗ್ಲೂಕೋಸ್, ಪ್ರೋಟೀನ್ ಸರಿಹೋಗಲು ದಿನಗಳೇ ಬೇಕು. ಓದಬೇಕಾದದ್ದು ಅವನ್ನೇ.

ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ 1,850, ಅದರಲ್ಲಿ ನೂರಕ್ಕೆ 90 ನ್ಯೂಟ್ರೋಫಿಲ್. ಆರೋಗ್ಯವಂತರಲ್ಲಿ ಬಿಳಿ ರಕ್ತಕಣ ಐದಕ್ಕಿಂತ ಹೆಚ್ಚಿರುವುದಿಲ್ಲ. ವೈರಲ್‌ನಲ್ಲಿ ಸಾಮಾನ್ಯವಾಗಿ ಹತ್ತಾರರಿಂದ ಕೆಲವು ನೂರು, ಹೆಚ್ಚಿನವು ಲಿಂಫೋಸೈಟ್. ವೈರಲ್ ಆದರೂ ಮೊದಲ ದಿನ ನ್ಯೂಟ್ರೋಫಿಲ್ ಮೇಲುಗೈ ಇರುವುದುಂಟು, ಹಾಗಾಗಿ ಇದೊಂದನ್ನೇ ನಂಬಬಾರದು. ಗ್ಲೂಕೋಸ್ ನೋಡಿ: ಬೆನ್ನಿನ ನೀರಿನಲ್ಲಿ 22, ಅದೇ ಹೊತ್ತಿನ ರಕ್ತದಲ್ಲಿ 118. ರಕ್ತದಲ್ಲಿರುವುದರ ಸುಮಾರು ಮೂರನೇ ಎರಡರಷ್ಟು, ಅಂದರೆ 75ರ ಆಸುಪಾಸು ಇರಬೇಕಿತ್ತು. ಐದನೇ ಒಂದರಷ್ಟೂ ಇಲ್ಲ. ವೈರಲ್‌ನಲ್ಲಿ ಸಕ್ಕರೆ ಹೀಗೆ ಬೀಳುವುದು ತೀರಾ ಅಪರೂಪ. ಪ್ರೋಟೀನ್ 230, ಸಹಜ ಮಿತಿ 45, ವೈರಲ್‌ನಲ್ಲಿ ಸಾಮಾನ್ಯವಾಗಿ 100 ದಾಟದು. ಕ್ಷಯದ ಮೆನಿಂಜೈಟಿಸ್‌ನಲ್ಲೂ ಸಕ್ಕರೆ ಇಳಿಯುತ್ತದೆ, ಆದರೆ ಅದು ವಾರಗಟ್ಟಲೆ ನಿಧಾನವಾಗಿ ಏರುವ ಕಾಯಿಲೆ, ಅಲ್ಲಿ ಹೆಚ್ಚಾಗಿ ಲಿಂಫೋಸೈಟ್.

ಅಂದಹಾಗೆ, ಅದೇ ಹೊತ್ತಿನ ರಕ್ತದ ಸಕ್ಕರೆ ನೋಡದ ರಿಪೋರ್ಟ್ ಅರ್ಧ ರಿಪೋರ್ಟ್. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ 300 ಇದ್ದಾಗ ಬೆನ್ನಿನ ನೀರಿನಲ್ಲಿ 70 ಬಂದರೆ ಸರಿಯಿದೆ ಎಂದು ತೋರುತ್ತದೆ. ಅದು ತೀರಾ ಕಡಿಮೆ.

ಇನ್ನು ಮೊದಲೇ ಔಷಧ ಹಾಕಿದ್ದು. ಮಂಪರಿದ್ದವರ ಬೆನ್ನಿಗೆ ಸೂಜಿ ಹಾಕುವ ಮುಂಚೆ ಸ್ಕ್ಯಾನ್ ಬೇಕು, ಮೆದುಳಿನಲ್ಲಿ ಒತ್ತಡ ಏರಿ ಒಂದು ಕಡೆ ಸರಿದಿದ್ದರೆ ನೀರು ತೆಗೆಯುವುದು ಅಪಾಯ. ಆದರೆ ಸ್ಕ್ಯಾನಿಗಾಗಿ ಔಷಧ ಕಾಯಬಾರದು. ಬೆನ್ನಿನ ನೀರಿನಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವ ರಕ್ಷಣೆ ತೀರಾ ಕಡಿಮೆ, ಅಲ್ಲಿ ಅವು ಅಡೆತಡೆಯಿಲ್ಲದೆ ಹೆಚ್ಚುತ್ತವೆ. ಕಲ್ಚರ್ ಬರಲು ಎರಡು ಮೂರು ದಿನ. ಅಷ್ಟರಲ್ಲಿ ಕಿವಿ ಹೋಗಬಹುದು, ಪ್ರಾಣವೇ ಹೋಗಬಹುದು. ಆದ್ದರಿಂದ ಬಂದ ಒಂದು ಗಂಟೆಯೊಳಗೆ ಮೊದಲು ಬ್ಲಡ್ ಕಲ್ಚರಿಗೆ ರಕ್ತ, ಹಿಂದೆಯೇ ಇಂಜೆಕ್ಷನ್. ವಯಸ್ಕರಿಗೆ ಸೆಫ್‌ಟ್ರಯಾಕ್ಸೋನ್ 2 ಗ್ರಾಂ 12 ಗಂಟೆಗೊಮ್ಮೆ. ಅದಕ್ಕೆ ಬಗ್ಗದ ನ್ಯೂಮೋಕಾಕಸ್ ಇದ್ದೀತೆಂದು ತೂಕಕ್ಕೆ ತಕ್ಕಂತೆ ವ್ಯಾಂಕೋಮೈಸಿನ್. 50 ದಾಟಿದವರಿಗೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಕ್ಕಾಗಿ ಆಂಪಿಸಿಲಿನ್ ಕೂಡ. ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ 10 ಮಿ.ಗ್ರಾಂ ಆಂಟಿಬಯೋಟಿಕ್‌ಗಿಂತ ಸ್ವಲ್ಪ ಮುಂಚೆ ಅಥವಾ ಅದರ ಜೊತೆಗೇ ಹೋಗಬೇಕು. ಸಾಯುವ ಬ್ಯಾಕ್ಟೀರಿಯಾ ಒಡೆದು ಚೆಲ್ಲುವ ಚೂರುಗಳಿಂದಲೇ ಉರಿಯೂತ ಇನ್ನಷ್ಟು ಕೆರಳುತ್ತದೆ, ಕಿವಿಯ ನರಕ್ಕೆ ಪೆಟ್ಟು ಬೀಳುತ್ತದೆ. ವರ್ತನೆ ಬದಲಾಗಿದ್ದರೆ, ಫಿಟ್ಸ್ ಬಂದಿದ್ದರೆ ಹರ್ಪಿಸ್ ವೈರಸ್ ಇದ್ದೀತೆಂದು ಅಸೈಕ್ಲೋವಿರ್ ಸೇರಿಸುತ್ತಾರೆ.

ವೈರಲ್ ಎಂದು ಖಚಿತವಾಗಿದ್ದರೆ ಎರಡು ದಿನದ ಆಂಟಿಬಯೋಟಿಕ್ ನಿಲ್ಲಿಸಿದರೆ ಮುಗಿಯಿತು. ಬ್ಯಾಕ್ಟೀರಿಯಾದ ರೋಗಿಯನ್ನು ಎರಡು ದಿನ ಹಾಗೇ ಬಿಟ್ಟರೆ ಮುಗಿಯುವುದು ಬೇರೆಯೇ.

ಈಗ ಕೇಳಬೇಕಾದದ್ದು: ಔಷಧಕ್ಕೆ ಮುಂಚೆ ತೆಗೆದ ಬ್ಲಡ್ ಕಲ್ಚರ್ ಏನಾಯಿತು? ಉಳಿದ ಬೆನ್ನಿನ ನೀರಿನಲ್ಲಿ ಪಿಸಿಆರ್ ಮಾಡಲಾದೀತೇ? ಸತ್ತ ಬ್ಯಾಕ್ಟೀರಿಯಾದ ಗುರುತೂ ಅದರಲ್ಲಿ ಸಿಗುತ್ತದೆ. ಮೆನಿಂಗೋಕಾಕಸ್‌ಗೆ 7 ದಿನ, ನ್ಯೂಮೋಕಾಕಸ್‌ಗೆ 10ರಿಂದ 14 ದಿನದ ಚಿಕಿತ್ಸೆ. ಮನೆಗೆ ಕಳಿಸುವ ಮುನ್ನ ಕಿವಿಯ ಪರೀಕ್ಷೆ ಮಾಡಿಸಿ, ಬಾಯಿಬಿಟ್ಟು ಕೇಳಿ.

ಪ್ರಶ್ನೆ: ಬೆನ್ನಿನ ನೀರು ತೆಗೆದರೆ ಕಾಲು ಸ್ವಾಧೀನ ತಪ್ಪುತ್ತದಂತೆ?

ಉತ್ತರ: ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ, ತೆಗೆದ ಹತ್ತು ಮಿ.ಲೀ. ಅರ್ಧ ಗಂಟೆಯಲ್ಲಿ ದೇಹವೇ ತುಂಬಿಕೊಳ್ಳುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಮೆದುಳು ಜ್ವರಕ್ಕೆ ಹಣೆಗೆ ಬರೆ ಹಾಕುವವರಿದ್ದಾರೆ. ಮೊದಲು ತೋರಿಸಬಹುದೇ?

ಉತ್ತರ: ಬೇಡ. ಅವರ ಮನೆ ಬಾಗಿಲಲ್ಲಿ ಕಳೆಯುವ ಆ ಒಂದು ಗಂಟೆ ಇಂಜೆಕ್ಷನ್ ಹೋಗಬೇಕಾದ ಗಂಟೆ.

ಪ್ರಶ್ನೆ: ರೋಗಿಯ ಮನೆಯವರೆಲ್ಲ ಮಾತ್ರೆ ತೆಗೆದುಕೊಳ್ಳಬೇಕೇ?

ಉತ್ತರ: ಮೆನಿಂಗೋಕಾಕಸ್ ಆಗಿದ್ದರೆ ಒಟ್ಟಿಗೆ ಇದ್ದವರಿಗೆ ಬೇಕು, ವೈದ್ಯರೇ ಬರೆದುಕೊಡುತ್ತಾರೆ. ನ್ಯೂಮೋಕಾಕಸ್‌ಗೂ ವೈರಲ್‌ಗೂ ಬೇಡ.