ವಿಸ್ಕಿಗೆ ನೀರು, ಐಸ್, ಸೋಡಾ: ಘಮಕ್ಕೆ ಏನಾಗುತ್ತದೆ?

ಪ್ರಶ್ನೆ: ನೀರು ಬೆರೆಸಿದರೆ ವಿಸ್ಕಿಯ ಘಮ ಬಿಚ್ಚಿಕೊಳ್ಳುತ್ತದೆ ಅಂತ ಒಬ್ಬರು, ಪೂರ್ತಿ ಕೆಟ್ಟುಹೋಗುತ್ತದೆ ಅಂತ ಇನ್ನೊಬ್ಬರು ಹೇಳ್ತಾರೆ. ಐಸ್, ಸೋಡಾ ಹಾಕಿದರೂ ಹೀಗೇನಾ?

ಮೊದಲು ಬಾಟಲಿಯ ಮೇಲೆ ಆಲ್ಕೋಹಾಲ್ ಶೇಕಡಾ ಎಷ್ಟಿದೆ ನೋಡಿ. ನಿಮಗೆ ಹೇಳಿದ ಇಬ್ಬರೂ ಬಹುಶಃ ಬೇರೆ ಬೇರೆ ಬಾಟಲಿಗಳನ್ನು ಮನಸ್ಸಲ್ಲಿಟ್ಟುಕೊಂಡು ಮಾತಾಡಿದ್ದಾರೆ. ಶೇ 40ರ ವಿಸ್ಕಿಗೆ ನೀರು ಆಗಲೇ ಬೆರೆತಿರುತ್ತದೆ. ಪೀಪಾಯಿಯಿಂದ ಹೊರಬಂದಾಗ ಅದು ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿರುತ್ತದೆ, ತಯಾರಕರೇ ನೀರು ಹಾಕಿ ಇಳಿಸಿ ಬಾಟಲಿಗೆ ತುಂಬುತ್ತಾರೆ. ಆದ್ದರಿಂದ ನೀರು ಹಾಕುವುದೇ ವಿಸ್ಕಿಗೆ ಅವಮಾನ ಅನ್ನುವ ವಾದವನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನೀರಿನಿಂದ ನಿಜವಾಗಿ ಲಾಭವಾಗುವುದು ‘ಕಾಸ್ಕ್ ಸ್ಟ್ರೆಂತ್’ ವಿಸ್ಕಿಗೆ, ಅಂದರೆ ನೀರು ಹಾಕಿ ಇಳಿಸದೆ ತುಂಬಿಸಿದ್ದಕ್ಕೆ. ಇದು ಶೇ 55-60ರ ಆಸುಪಾಸು ಇರುತ್ತದೆ. ಗ್ಲಾಸಿಗೆ ಮೂಗಿಟ್ಟರೆ ಘಾಟು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಮೂಗು ಉರಿಯುವುದು ಒಂದು ಕಾರಣ. ಇನ್ನೊಂದು ಕಾರಣ ದ್ರವದ ಒಳಗೇ ಇದೆ. ಹೊಗೆಯಾಡಿಸಿದ ಮಾಲ್ಟಿನ ವಿಸ್ಕಿಗೆ ಆ ಹೊಗೆ ಘಮ ಕೊಡುವ ವಸ್ತುಗಳಲ್ಲಿ ಗ್ವಾಯಕಾಲ್ ಮುಖ್ಯವಾದದ್ದು. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಇದರ ಅಣುಗಳ ನಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಆಲ್ಕೋಹಾಲ್ ಶೇ 59 ದಾಟಿದರೆ ಗ್ವಾಯಕಾಲನ್ನು ಆಲ್ಕೋಹಾಲ್ ಸುತ್ತುವರಿದು ಒಳಗೇ ಉಳಿಸಿಕೊಳ್ಳುತ್ತದೆ. ಶೇ 45ರವರೆಗೆ ಇಳಿದರೆ ಅದು ಆಲ್ಕೋಹಾಲಿನ ಜೊತೆಗೇ ಮೇಲ್ಮೈಗೆ ಬಂದು ಸೇರುತ್ತದೆ. ಮೇಲ್ಮೈಯಲ್ಲಿದ್ದದ್ದು ಮೂಗಿಗೆ ಬೇಗ ಸಿಗುತ್ತದೆ. ಇದು ಲೆಕ್ಕದ ಫಲಿತಾಂಶ, ಕುಡಿದು ನೋಡಿ ಬರೆದದ್ದಲ್ಲ ಅನ್ನುವುದು ನೆನಪಿರಲಿ.

ಅಳತೆ ಹೀಗೆ. ಶೇ 60ರ ವಿಸ್ಕಿ 30 ಮಿಲಿ ಹಾಕಿಕೊಂಡರೆ ಅದರಲ್ಲಿ ಆಲ್ಕೋಹಾಲ್ 18 ಮಿಲಿ. 10 ಮಿಲಿ ನೀರು ಸೇರಿಸಿದರೆ ಒಟ್ಟು 40, ಅಂದರೆ ಶೇ 45. ಹನಿ ಹನಿ ಅಂತ ಎಲ್ಲರೂ ಹೇಳುತ್ತಾರಲ್ಲ, ಇಂಥ ವಿಸ್ಕಿಗೆ ಎರಡು ಹನಿಯಿಂದ ಏನೂ ಆಗದು, ಎರಡು ಟೀ ಚಮಚವೇ ಬೇಕು. ಆದರೆ ಒಂದೇ ಸಲ ಸುರಿಯಬೇಡಿ. ಒಂದು ಚಮಚ ಹಾಕಿ, ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಎರಡು ಮೂರು ನಿಮಿಷ ಬಿಟ್ಟು ಮೂಸಿ, ಆಮೇಲೆ ಇನ್ನೊಂದು. ನೀರು ಬಿದ್ದ ಕೂಡಲೇ ಬರುವ ಮೊದಲ ವಾಸನೆಯಿಂದ ತೀರ್ಮಾನ ಮಾಡಬಾರದು. ಕ್ಲೋರಿನ್ ವಾಸನೆಯ ನೀರಂತೂ ಬೇಡವೇ ಬೇಡ.

ಅತಿಯಾಯಿತೆಂದು ಗೊತ್ತಾಗುವುದು ಹೇಗೆ? ವಿಸ್ಕಿಯಲ್ಲಿ ನೀರಿಗೆ ಒಗ್ಗದ, ಎಣ್ಣೆಯ ಸ್ವಭಾವದ ಎಸ್ಟರುಗಳಿರುತ್ತವೆ. ಆಲ್ಕೋಹಾಲ್ ಇಳಿದಂತೆ ಅವು ಒಟ್ಟಾಗಿ ಸಣ್ಣ ಗುಂಪು ಕಟ್ಟಿಕೊಂಡು ಕೆಲವು ಘಮಗಳನ್ನು ತಮ್ಮೊಳಗೇ ಹಿಡಿದಿಟ್ಟುಕೊಳ್ಳುತ್ತವೆ. ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಇದೇ ಕಾರಣಕ್ಕೆ ತೆಳುವಾದ ಮಸುಕು ಕಾಣಬಹುದು. ಅದು ಹಾಳಾದದ್ದರ ಗುರುತಲ್ಲ. ಹಾಗಾಗಿ ಒಂದು ಘಮ ಏಳುವಾಗ ಇನ್ನೊಂದು ಅಡಗುತ್ತದೆ, ಎಲ್ಲವೂ ಒಟ್ಟಿಗೆ ಬಿಚ್ಚಿಕೊಳ್ಳುವುದಿಲ್ಲ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರಿನ ಪಾಲು ಶೇ 20ನ್ನು ದಾಟಿದ ಮೇಲೆ ಒಂದೇ ಬಗೆಯ ಬೇರೆ ಬೇರೆ ವಿಸ್ಕಿಗಳ ವಾಸನೆ ಪರಸ್ಪರ ಹೋಲತೊಡಗಿತು. ನನ್ನ ಗುರುತು ಇನ್ನೂ ಸರಳ: ನುಂಗಿದ ಮೇಲೆ ಬಾಯಲ್ಲಿ ರುಚಿ ಉಳಿಯದೆ, ನೆನೆದ ಮರದ ಒಗರು ಮಾತ್ರ ಉಳಿದರೆ ನೀರು ಹೆಚ್ಚಾಗಿದೆ.

ಶೇ 40ರ ಹಳೆಯ, ಮೃದುವಾದ ವಿಸ್ಕಿ ಈ ಹಂತಕ್ಕೆ ಬೇಗ ಬಂದುಬಿಡುತ್ತದೆ. ಅದಕ್ಕೆ ಅರ್ಧ ಚಮಚ ಸಾಕು, ಹಾಕದಿದ್ದರೂ ನಷ್ಟವಿಲ್ಲ. ಬೇರೆ ಬೇರೆ ವಿಸ್ಕಿಗಳನ್ನು ಬೆರೆಸಿ ಹದ ಮಾಡುವ ಬ್ಲೆಂಡರುಗಳು ಶೇ 20ರ ಸುಮಾರಿಗೆ ಇಳಿಸಿ ಮೂಸುತ್ತಾರಲ್ಲ ಅಂತ ಕೇಳಬಹುದು. ಅವರು ಉರಿಯಿಲ್ಲದೆ ದೋಷಗಳನ್ನು ಹುಡುಕುತ್ತಿರುತ್ತಾರೆ, ಸವಿಯುತ್ತಿರುವುದಿಲ್ಲ.

ಐಸಿನದು ಬೇರೆಯೇ ಕಥೆ. ತಂಪಾದಂತೆ ಘಮದ ಅಣುಗಳು ಕಡಿಮೆ ಏಳುತ್ತವೆ, ನಾಲಿಗೆಗೆ ಸಿಹಿಯೂ ಮಂಕಾಗುತ್ತದೆ. ಉರಿ ತಗ್ಗುವುದರಿಂದ ಕುಡಿಯಲು ಹಿತ, ನಿಜ. ಆದರೆ ಏನು ಕಳೆದುಕೊಂಡಿರಿ ಅನ್ನುವುದೂ ತಿಳಿಯುವುದಿಲ್ಲ. ಮೇಲಾಗಿ ಕರಗುವ ನೀರು ನಿಮ್ಮ ಹತೋಟಿಯಲ್ಲಿರುವುದಿಲ್ಲ. ಹಾಕಲೇಬೇಕೆಂದರೆ ಒಂದೇ ದೊಡ್ಡ ತುಂಡು ಹಾಕಿ, ಸಣ್ಣ ತುಂಡುಗಳಷ್ಟು ಬೇಗ ಅದು ಕರಗುವುದಿಲ್ಲ.

ಸೋಡಾದಲ್ಲಿ ಗುಳ್ಳೆ ಒಡೆಯುವಾಗ ಘಮ ಮೂಗಿಗೆ ಚಿಮ್ಮುತ್ತದೆ, ಮೊದಲ ಗುಟುಕು ಚೆನ್ನಾಗಿರುವುದು ಅದಕ್ಕೇ. ಆದರೆ ಕರಗಿದ ಇಂಗಾಲದ ಡೈಆಕ್ಸೈಡ್ ಹುಳಿ ತರುತ್ತದೆ, ನಾಲಿಗೆಯನ್ನು ಚುಚ್ಚುತ್ತದೆ. ಕೆಲವು ಸೋಡಾಗಳಲ್ಲಿ ಉಪ್ಪಿನಂಶವೂ ಇರುತ್ತದೆ. ಸೂಕ್ಷ್ಮ ರುಚಿಗಳು ಇದರಲ್ಲಿ ಮುಚ್ಚಿಹೋಗುತ್ತವೆ. ಗಾಢವಾದ ಹೊಗೆ ಘಮದ್ದೋ, ಸಾಧಾರಣ ಬ್ಲೆಂಡೆಡ್ ವಿಸ್ಕಿಯೋ ಆದರೆ ಒಂದು ಪಾಲಿಗೆ ಮೂರು ಪಾಲು ಚೆನ್ನಾಗಿ ತಣಿದ ಸೋಡಾ ಹಾಕಿ, ಒಂದೇ ಸುತ್ತು ಕಲಕಿ. ಹೆಚ್ಚು ಕಲಕಿದರೆ ಗುಳ್ಳೆ ಹೋಗಿ ಸಪ್ಪೆಯಾಗುತ್ತದೆ.