ಬಾಕಿಗೊಂದು ದಿನ, ಬೀಗಕ್ಕೊಂದು ದಿನ

*ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮ ಮನೆ. ಮೇಲಿನ ಮನೆಯನ್ನು ಮೂರು ವರ್ಷದ ಹಿಂದೆ 50,000 ಅಡ್ವಾನ್ಸ್, 7,500 ಬಾಡಿಗೆಗೆ ಕೊಟ್ಟೆ. 11 ತಿಂಗಳ ಕರಾರು ಮುಗಿದ ಮೇಲೆ ಮತ್ತೆ ಬರೆಸಲಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಬಂದದ್ದು ಬರೀ 5,000. ಕೇಳಿದರೆ ‘ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಅಕ್ಕ’ ಅಂತಾರೆ. ಅವರ ಮಗಳು ಎಸ್ಸೆಸ್ಸೆಲ್ಸಿ. ನೀರು ನಿಲ್ಲಿಸು ಅಂತಾನೆ ನನ್ನ ಮಗ. ದಿನಾ ಮೆಟ್ಟಿಲಲ್ಲಿ ಎದುರಾಗೋರಿಗೆ ನೋಟಿಸ್ ಹೇಗೆ ಕಳಿಸಲಿ?*

ನೀರಿನ ವಾಲ್ವಿಗೆ ಕೈ ಹಾಕಬೇಡಿ. ಆಮೇಲೆ ದೂರು ಕೊಡುವವರು ಅವರಾಗುತ್ತಾರೆ, ಬಾಕಿಯ ಮಾತು ಮೂಲೆಗೆ ಸೇರುತ್ತದೆ.

ಮೊದಲು ನೀವೇ ಒಂದು ತೀರ್ಮಾನಕ್ಕೆ ಬನ್ನಿ: ದುಡ್ಡು ಬಂದರೆ ಸಾಕೋ, ಮನೆಯೂ ಖಾಲಿಯಾಗಬೇಕೋ? ‘ಬಾಕಿ ಕಟ್ಟಿ, ಇಲ್ಲವಾದರೆ ಖಾಲಿ ಮಾಡಿ’ ಎಂದು ಬರೆದರೆ, ಕೊನೆಯ ದಿನ ದುಡ್ಡು ತಂದಿಟ್ಟು ‘ನೋಟಿಸ್ ಮುಗೀತಲ್ಲ’ ಅನ್ನಲು ಅವರಿಗೆ ದಾರಿಯಾಗುತ್ತದೆ. ಮನೆ ಬೇಕೆಂದಿದ್ದರೆ ಎರಡನ್ನೂ ಬೇರೆ ಬೇರೆ ಬರೆಯಿರಿ. ನಾಲ್ಕು ತಿಂಗಳಿಗೆ 30,000, ಬಂದ 5,000 ಕಳೆದು 25,000. ಇದನ್ನು ಮಾರ್ಚ್ 20ರೊಳಗೆ ಕೊಡಬೇಕು. ಕಟ್ಟಲಿ ಬಿಡಲಿ, ಬಾಡಿಗೆ ಸಂಬಂಧ ಏಪ್ರಿಲ್ 30ಕ್ಕೆ ಕೊನೆ. ಅಂದು ಕೀ ಒಪ್ಪಿಸಬೇಕು. ಅಡ್ವಾನ್ಸನ್ನು ಅಂದೇ ಮನೆ ನೋಡಿ ಲೆಕ್ಕ ಮಾಡುವುದಾಗಿ ಒಂದು ಸಾಲು ಸೇರಿಸಿ. ಈಗಲೇ ಅದರಲ್ಲಿ ಹಿಡಿದುಕೊಂಡರೆ ಒಡೆದ ಸಿಂಕಿಗೆ, ಉಳಿದ ಕರೆಂಟ್ ಬಿಲ್ಲಿಗೆ ಏನುಳಿದೀತು?

ಕರಾರು ಮುಗಿದೂ ಅವರು ಇದ್ದಾರೆ, ನೀವು ಬಾಡಿಗೆ ತಗೊಂಡಿದ್ದೀರಿ; ಹಾಗಾಗಿ ಇದು ತಿಂಗಳ ಬಾಡಿಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ ನೋಟಿಸ್ ತಲುಪಿದ ಮೇಲೆ 15 ದಿನ ಕೊಟ್ಟರೆ ಸಾಕು. ಆದರೂ ಹಳೆಯ ಕರಾರನ್ನು ತೆಗೆದು ನೋಡಿ. ಅದರಲ್ಲಿ ತಿಂಗಳದೋ ಮೂರು ತಿಂಗಳದೋ ಮುನ್ಸೂಚನೆ ಬರೆದಿದ್ದರೆ ಅಷ್ಟು ದಿನ ಕೊಡುವುದೇ ಕ್ಷೇಮ. ನಾನು ಏಪ್ರಿಲ್ 30 ಅಂದದ್ದು ಹುಡುಗಿಯ ಪರೀಕ್ಷೆ ಮುಗಿಯಲಿ ಎಂದು.

ಸಹಿ ಹಾಕಿದ ನೋಟಿಸನ್ನು, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ವಾಟ್ಸ್ಯಾಪ್ ಒಂದನ್ನೇ ನಂಬಬೇಡಿ. ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಒಡೆಯಬೇಡಿ. ಹಾಗೇ ಎತ್ತಿಡಿ, ಕೋರ್ಟಿನಲ್ಲಿ ಅದೇ ಸಾಕ್ಷಿ.

ಬಹಳ ಜನ ಎಡವುವುದು ಇದರ ನಂತರ. ಮಾರ್ಚ್, ಏಪ್ರಿಲ್ ಬಾಡಿಗೆ ಧಾರಾಳವಾಗಿ ತಗೊಳ್ಳಿ. ಏಪ್ರಿಲ್ 30 ದಾಟಿದ ಮೇಲೂ ಅವರು ಅಲ್ಲೇ ಇದ್ದು ನಿಮ್ಮ ಫೋನಿಗೆ 7,500 ಹಾಕಿದರೆ, ನೀವು ಸುಮ್ಮನಿದ್ದರೆ, ನೋಟಿಸನ್ನು ನೀವೇ ಕೈಬಿಟ್ಟಿರಿ ಎಂದು ವಾದಿಸಬಹುದು. ಅಂದೇ ಲಿಖಿತವಾಗಿ ತಿಳಿಸಿ: ‘ಇದು ಬಾಡಿಗೆಯಲ್ಲ, ಅವಧಿ ಮೀರಿ ಮನೆ ಬಳಸಿದ್ದಕ್ಕೆ ನಷ್ಟಭರ್ತಿ, ನೋಟಿಸ್ ಹಾಗೇ ಇದೆ.’ ಆಮೇಲೂ ಬಿಡದಿದ್ದರೆ ವಕೀಲರ ಮೂಲಕ ಸಿವಿಲ್ ದಾವೆಯೇ ದಾರಿ. ಮಗ ಹೊಸ ಬೀಗ ತರುವುದು ಬೇಡ.

ಮೆಟ್ಟಿಲ ಮುಜುಗರಕ್ಕೆ ಕಾಯ್ದೆಯಲ್ಲಿ ಕಲಮಿಲ್ಲ. ಪೋಸ್ಟಿಗೆ ಹಾಕುವ ಸಂಜೆ ಮೇಲೆ ಹೋಗಿ, ‘ಕಾಗದ ಬರುತ್ತೆ, ಏಪ್ರಿಲ್ 30 ಅಂತ ಹಾಕಿದೀನಿ, ಪುಟ್ಟಿ ಪರೀಕ್ಷೆ ಮುಗಿಸಿಕೊಳ್ಳಲಿ’ ಅನ್ನಿ. ಹುಡುಗಿ ಟ್ಯೂಷನ್ನಿಗೆ ಹೋಗಿರುವ ಹೊತ್ತು ನೋಡಿಕೊಂಡು ಹೋಗಿ.