ಹಾಗಾದ್ರೆ ಒದ್ದಿದ್ದು ಯಾರು?

ಗುಬ್ಬಿ ಕಡೆಯ ಹೆಣ್ಣುಮಗಳೊಬ್ಬರು ತುಮಕೂರಿನ ನನ್ನ ಸಮಾಲೋಚನೆ ಕೋಣೆಯಲ್ಲಿ ಕೂತು ಕೇಳಿದ ಪ್ರಶ್ನೆ ಇದು. ಹೊಟ್ಟೆಯಲ್ಲಿ ಮಗುವಿಲ್ಲದಿದ್ದರೂ ಮೈಯೆಲ್ಲ ಬಸಿರಿಯಂತೆ ಆಗುವ ಹುಸಿ ಬಸಿರಿನವರಲ್ಲಿ ನನ್ನ ಹತ್ತಿರ ಬಂದ ಮೂರನೆಯವರು ಈಕೆ. ಮೂವರ ಮನೆಯವರೂ ನನ್ನಿಂದ ಒಂದೇ ಸುಳ್ಳನ್ನು ಹೇಳಿಸಲು ನೋಡಿದರು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ. ಆಕೆಯನ್ನು ಶಾರದಾ ಅನ್ನೋಣ.

ಶಾರದಾಗೆ ಇಪ್ಪತ್ತೆಂಟು ವರ್ಷ. ಮದುವೆಯಾಗಿ ಏಳು ವರ್ಷ. ಎರಡು ಸಲ ಗರ್ಭ ನಿಂತು ಮೂರನೇ ತಿಂಗಳಲ್ಲೇ ಹೋಗಿತ್ತು. ಈ ಸಲ ಮುಟ್ಟು ನಿಂತಾಗ ಕಣ್ಣು ಬೀಳುತ್ತದೆ ಎಂದು ಐದನೇ ತಿಂಗಳವರೆಗೆ ಹೊರಗೆ ಯಾರಿಗೂ ಹೇಳಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ಮನೆಯಲ್ಲೇ ಕಿಟ್ ತಂದು ಮೂತ್ರ ಪರೀಕ್ಷೆ ಮಾಡಿಕೊಂಡಿದ್ದರು. ಆಗ ಒಂದೇ ಗೆರೆ ಬಂದಿತ್ತು. ಕಿಟ್ಟನ್ನು ಬೀರುವಿನಲ್ಲಿಟ್ಟು ಮಾರನೇ ದಿನ ತೆಗೆದು ನೋಡಿದಾಗ ತೆಳ್ಳಗೆ ಎರಡನೇ ಗೆರೆ ಕಾಣಿಸಿತು. ಕಿಟ್ಟನ್ನು ಪೊಟ್ಟಣದ ಮೇಲೆ ಬರೆದಷ್ಟು ನಿಮಿಷದೊಳಗೆ ನೋಡಬೇಕು. ಮೂತ್ರ ಒಣಗಿದ ಮೇಲೆ ಕಾಣುವ ಮಸುಕು ಗೆರೆಗೆ ಅರ್ಥವಿಲ್ಲ. ಅದು ಶಾರದಾಗೆ ಗೊತ್ತಿರಲಿಲ್ಲ.

ಆಮೇಲೆ ವಾಂತಿ ಬಂತು, ಎದೆ ತುಂಬಿಕೊಂಡಿತು, ಹೊಟ್ಟೆ ಮುಂದೆ ಬಂತು. ಐದನೇ ತಿಂಗಳಲ್ಲಿ ಮನೆಯವರು ಹೂ ಮುಡಿಸಿ ಹಸಿರು ಬಳೆ ತೊಡಿಸಿದರು. ಅದಾದ ವಾರಕ್ಕೆ ಸ್ಕ್ಯಾನಿಂಗ್‌ಗೆ ಹೋದರು. ಗರ್ಭಕೋಶ ಖಾಲಿ ಇತ್ತು. "ಏನೂ ಇಲ್ಲ ಕಣಮ್ಮ, ನಾಟಕ ಆಡ್ತಿದೀಯಾ?" ಅಂದರಂತೆ ಅಲ್ಲಿದ್ದವರೊಬ್ಬರು.

ಆ ಮಾತು ಎಷ್ಟು ತಪ್ಪು ಅಂತ ಮೊದಲು ಹೇಳಿಬಿಡುತ್ತೇನೆ. ಬಸಿರಿ ಎಂದು ಬೇಕಂತಲೇ ಸುಳ್ಳು ಹೇಳುವುದು ಬೇರೆ, ಇದು ಬೇರೆ. ಇಲ್ಲಿ ಮುಟ್ಟು ನಿಜವಾಗಿಯೂ ನಿಲ್ಲುತ್ತದೆ, ಕೆಲವರಿಗೆ ಮೊಲೆಹಾಲೂ ಬರುತ್ತದೆ. ಇಂಗ್ಲೆಂಡಿನ ರಾಣಿ ಮೊದಲನೇ ಮೇರಿ 1555ರಲ್ಲಿ ಹೆರಿಗೆ ಕೋಣೆ ಸೇರಿ ತಿಂಗಳುಗಟ್ಟಲೆ ಕಾದಳು. ಮಗು ಹುಟ್ಟಿತೆಂದು ತಿಳಿಸುವ ಪತ್ರಗಳೂ ತಯಾರಾಗಿದ್ದವು. ಮಗು ಬರಲಿಲ್ಲ.

ನನ್ನ ಹತ್ತಿರ ಮೊದಲು ಬಂದದ್ದು ಶಾರದಾ ಅಲ್ಲ, ಆಕೆಯ ಅತ್ತೆ. ಸೊಸೆಯನ್ನು ಹೊರಗೆ ಗಂಡನ ಜೊತೆ ಕೂರಿಸಿ ಒಳಗೆ ಬಂದರು. "ಮೇಡಂ, ಗರ್ಭ ಹೋಯ್ತು ಅಂತ ಹೇಳ್ಬಿಡಿ. ಮುಟ್ಟು ಬರೋಕೆ ಒಂದು ಮಾತ್ರೆ ಕೊಡ್ಸಿ. ಎರಡು ಸಲ ತಡ್ಕೊಂಡಿದಾಳೆ, ಇದನ್ನೂ ತಡ್ಕೋತಾಳೆ. ಊರಲ್ಲಿ ಮಾನ ಉಳಿಯತ್ತೆ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಹೇಳುವಾಗ ಅವರ ಕೈ ನಡುಗುತ್ತಿತ್ತು.

ನಾನು ಆಗಲ್ಲ ಅಂದೆ.

ಎರಡನೇ ಭೇಟಿಯಲ್ಲಿ ಶಾರದಾ ಮಾತಾಡಿದರು. "ಸ್ಕ್ಯಾನಿಂಗಲ್ಲಿ ಇಲ್ಲ ಅಂದ್ರು. ಸರಿ ಮೇಡಂ. ಹಾಗಾದ್ರೆ ಒದ್ದಿದ್ದು ಯಾರು?"

ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋದರೆ ನಮ್ಮ ಯಾವ ಮಾತೂ ಆಕೆಗೆ ತಾಗುವುದಿಲ್ಲ ಅನ್ನಿಸಿತು. "ಒದ್ದ ಹಾಗೆ ಆಗಿದ್ದು ನಿಜ" ಅಂತ ಶುರು ಮಾಡಿದೆ. ಕರುಳಿನಲ್ಲಿ ಗಾಳಿ ಸರಿಯುತ್ತಲೇ ಇರುತ್ತದೆ, ಹೊಟ್ಟೆಯ ಸ್ನಾಯು ಆಗಾಗ ಅದುರುತ್ತದೆ. ಬೇರೆ ದಿನಗಳಲ್ಲಿ ನಾವು ಗಮನಿಸುವುದಿಲ್ಲ. ಹಗಲು ರಾತ್ರಿ ಕೈಯನ್ನು ಹೊಟ್ಟೆ ಮೇಲಿಟ್ಟು ಕಾಯುತ್ತಾ ಕೂತವರಿಗೆ ಪ್ರತಿಯೊಂದೂ ತಿಳಿಯುತ್ತದೆ.

"ಹೊಟ್ಟೆ?" ಅಂದರು.

ಮಂಚದ ಮೇಲೆ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನು ಹಾಸಿಗೆಗೆ ತಾಗಿಸಲು ಹೇಳಿದೆ. ಐದು ನಿಮಿಷ ನಿಧಾನವಾಗಿ ಉಸಿರು ಬಿಡಿಸಿದೆ. ಆಕೆಯ ಕೈ ಹೊಟ್ಟೆಯ ಮೇಲೇ ಇತ್ತು. ಹೊಟ್ಟೆ ಪೂರ್ತಿ ಅಲ್ಲದಿದ್ದರೂ ಕಣ್ಣಿಗೆ ಕಾಣುವಷ್ಟು ಇಳಿಯಿತು. ಬಸಿರಿ ಎಂದು ನಂಬಿದವರು ಗೊತ್ತಿಲ್ಲದೇ ಸೊಂಟವನ್ನು ಒಳಗೆ ಬಾಗಿಸಿ ನಿಲ್ಲುತ್ತಾರೆ. ಎದೆ, ಹೊಟ್ಟೆಗಳ ನಡುವಿನ ವಪೆ ಕೆಳಗೆ ಒತ್ತಿಕೊಂಡೇ ಇರುತ್ತದೆ. ಗಾಳಿ, ಮಲಬದ್ಧತೆ ಸೇರಿದರೆ ಹೊಟ್ಟೆ ಮುಂದೆ ಬರುತ್ತದೆ. ಇಂಥವರಿಗೆ ಅರಿವಳಿಕೆ ಕೊಟ್ಟಾಗ ಹೊಟ್ಟೆ ಇಳಿದು, ಎಚ್ಚರವಾದ ಮೇಲೆ ಮತ್ತೆ ಉಬ್ಬಿದ್ದನ್ನು ಹಿಂದಿನ ವೈದ್ಯರೇ ಬರೆದಿಟ್ಟಿದ್ದಾರೆ. ಶಾರದಾ ತಮ್ಮ ಹೊಕ್ಕುಳನ್ನು ಮುಟ್ಟಿ ನೋಡಿಕೊಂಡರು. ಅದು ಒಳಗೇ ಇತ್ತು. ನಿಜವಾದ ಗರ್ಭ ಚೆನ್ನಾಗಿ ಬೆಳೆದ ಮೇಲೆ ಹಲವರಿಗೆ ಅದು ಹೊರಗೆ ಬರುತ್ತದೆ. ಆಮೇಲೆ ಆಕೆ ಅತ್ತರು. ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.

ಮುಟ್ಟು ಯಾಕೆ ನಿಂತಿತು ಅನ್ನುವುದು ಉಳಿದಿತ್ತು. ತೀರಾ ಆಸೆ, ಭಯ, ಕಳೆದುಕೊಂಡ ದುಃಖ ಜಾಸ್ತಿ ದಿನ ಉಳಿದರೆ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ಕುಗ್ಗಬಹುದು. ಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಬಹುದು. ಅದು ಏರಿದರೆ ಮುಟ್ಟು ನಿಲ್ಲುತ್ತದೆ, ಎದೆ ತುಂಬುತ್ತದೆ. ಇದನ್ನೆಲ್ಲ ಗರ್ಭ ಎಂದು ಮನಸ್ಸು ಓದಿಕೊಳ್ಳುತ್ತದೆ, ನಂಬಿಕೆ ಗಟ್ಟಿಯಾಗುತ್ತದೆ, ಮೈ ಇನ್ನಷ್ಟು ಹಾಗೇ ನಡೆದುಕೊಳ್ಳುತ್ತದೆ. ಶಾರದಾ ವಿಷಯದಲ್ಲಿ ಇನ್ನೊಂದು ಕಾರಣ ಚೀಲದಲ್ಲೇ ಸಿಕ್ಕಿತು. ವಾಂತಿಗೆಂದು ಮೆಡಿಕಲ್ ಶಾಪಿನಿಂದ ತಂದು ನಾಲ್ಕು ತಿಂಗಳಿಂದ ನುಂಗುತ್ತಿದ್ದ ಮಾತ್ರೆ ಡೊಂಪೆರಿಡೋನ್. ಅದೂ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಬಸಿರಿನ ವಾಂತಿಗೆ ತೆಗೆದುಕೊಂಡ ಮಾತ್ರೆಯೇ ಬಸಿರಿನ ಲಕ್ಷಣವನ್ನು ಹಿಡಿದಿಟ್ಟುಕೊಂಡಿತ್ತು.

ನಾನು ಕೊಟ್ಟ ಮೊದಲ ಸಲಹೆ, ಮತ್ತೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಅನ್ನುವುದು. ಇದನ್ನು ಬರೀ ಮನಸ್ಸಿನದು ಎಂದು ಬಿಡಬಾರದು. ಗರ್ಭಕೋಶದ ಹೊರಗೆ ಕಟ್ಟಿದ ಗರ್ಭ, ಅಂಡಾಶಯದ ಗಡ್ಡೆ, ಥೈರಾಯ್ಡ್ ತೊಂದರೆ, ಪ್ರೊಲ್ಯಾಕ್ಟಿನ್ ಏರಿಸುವ ಪಿಟ್ಯುಟರಿ ಗಡ್ಡೆ ಇಲ್ಲವೆಂದು ಖಾತ್ರಿಯಾಗಬೇಕು. ರಕ್ತ ಪರೀಕ್ಷೆಯಲ್ಲಿ ಗರ್ಭದ ಹಾರ್ಮೋನ್ ಇರಲಿಲ್ಲ, ಥೈರಾಯ್ಡ್ ಸರಿಯಿತ್ತು, ಪ್ರೊಲ್ಯಾಕ್ಟಿನ್ ಮಾತ್ರ ಏರಿತ್ತು. ಎರಡನೇ ಸ್ಕ್ಯಾನಿಂಗ್ ವೇಳೆ ಪರದೆಯನ್ನು ಆಕೆಯ ಕಡೆ ತಿರುಗಿಸಿ, ಇದು ಗರ್ಭಕೋಶ, ಇದು ಅಂಡಾಶಯ ಎಂದು ತೋರಿಸಿ ಅಂತ ಡಾಕ್ಟರಿಗೆ ಚೀಟಿ ಬರೆದಿದ್ದೆ. ಅವರು ಹಾಗೇ ಮಾಡಿದರು. ಮಾತ್ರೆ ನಿಲ್ಲಿಸಿದರು. ಇಷ್ಟಾದ ಮೇಲೂ ನಂಬದೆ, ಮಗು ಇದ್ದೇ ಇದೆ ಎಂದು ಆಕೆ ಹಟ ಹಿಡಿದಿದ್ದರೆ ಮನೋವೈದ್ಯರಿಗೆ ತೋರಿಸಬೇಕಿತ್ತು. ಅದು ಭ್ರಮೆಯ ಕಾಯಿಲೆ ಇರಬಹುದು, ಅದರ ಚಿಕಿತ್ಸೆಯೇ ಬೇರೆ.

ಅತ್ತೆ ಹೇಳಿದ ಸುಳ್ಳನ್ನು ಯಾಕೆ ಒಪ್ಪಲಿಲ್ಲ ಅಂತ ನನ್ನ ಜೊತೆಯವರೇ ಕೇಳಿದ್ದಾರೆ. ಸುಲಭದ ದಾರಿ ಅಲ್ವಾ ಅಂದಿದ್ದಾರೆ. ಸುಲಭ ನಮಗೆ. ಆಕೆಯ ಲೆಕ್ಕದಲ್ಲಿ ಅದು ಮೂರನೇ ಮಗುವಿನ ಸಾವಾಗುತ್ತಿತ್ತು. ಇರದೇ ಇದ್ದ ಮಗುವಿಗಾಗಿ ಆಕೆ ದುಃಖಪಡಬೇಕಿತ್ತು. ಮುಂದೆ ಯಾವ ಡಾಕ್ಟರ ಮುಂದೆ ಕೂತರೂ ಮೂರು ಗರ್ಭ ಹೋಗಿದೆ ಎಂದು ಹೇಳಿ, ಬೇಡದ ಪರೀಕ್ಷೆಗಳಿಗೆ ಒಳಗಾಗುತ್ತಿದ್ದರು. ಮುಂದಿನ ಸಲ ಮುಟ್ಟು ತಡವಾದರೆ ಇದೇ ಕತೆ ಮತ್ತೆ ಶುರುವಾಗುತ್ತಿತ್ತು. ಊರಿಗೆ ಹೇಳಲು ನಿಜವೇ ಸಾಕು ಅಂದೆ: "ಹಾರ್ಮೋನ್ ಏರುಪೇರಾಗಿ ಮುಟ್ಟು ನಿಂತಿತ್ತು, ಚಿಕಿತ್ಸೆ ನಡೀತಿದೆ." ಹಳೆಯ ಎರಡು ಗರ್ಭಗಳ ಬಗ್ಗೆ ಆ ಮನೆಯಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ. ಮುಂದಿನ ನಾಲ್ಕು ಭೇಟಿ ಗಂಡ ಹೆಂಡತಿ ಇಬ್ಬರೂ ಕೂತು ಅದನ್ನೇ ಮಾತಾಡಿದರು.

ಅತ್ತೆಗೆ ಮಾತ್ರ ಒಂದು ಕೆಲಸ ಕೊಟ್ಟಿದ್ದೆ. ಮುಟ್ಟು ಬಂದ ದಿನ "ಹೋಯ್ತು" ಅನ್ನುವ ಪದ ಯಾರ ಬಾಯಲ್ಲೂ ಬರಬಾರದು ಅಂತ.

ಏಳನೇ ವಾರ ಶಾರದಾ ಫೋನ್ ಮಾಡಿದರು. ರಕ್ತ ನೋಡಿ ಬಚ್ಚಲಲ್ಲೇ ಕೂತುಬಿಟ್ಟಿದ್ದರಂತೆ. ಅತ್ತೆ ಬಾಗಿಲ ಹತ್ತಿರ ಬಂದು ಬಿಸಿನೀರಿನ ತಂಬಿಗೆ ಇಟ್ಟು, "ಮುಟ್ಟಾಗಿದೀಯ ಅಷ್ಟೇ ಕಣವ್ವ, ಎದ್ದೇಳು" ಅಂದರಂತೆ.